ಹದಿನೈದನೇ ತಾರೀಖು ಇನ್ನೂ ಮುಗಿದಿರಲಿಲ್ಲ

ಬೆಳಿಗ್ಗೆ ಒಂಬತ್ತೂಕಾಲಕ್ಕೆ ಅವಳು ಲ್ಯಾಬಿನಲ್ಲಿ ಕೂತು ಸಮ್ಮೇಳನದ ಪೋರ್ಟಲ್ ತೆರೆದಳು. ಪ್ರಬಂಧ ಏರಿಸುವ ಗುಂಡಿ ಇರಬೇಕಾದ ಜಾಗದಲ್ಲಿ ‘ಸಲ್ಲಿಕೆ ಮುಕ್ತಾಯವಾಗಿದೆ’ ಎಂಬ ಬೂದು ಸಾಲಿತ್ತು.

ಕೆಮ್ಮಿನ ಸದ್ದು ಕೇಳಿ ಶ್ವಾಸಕೋಶದ ಕಾಯಿಲೆ ಗುರುತಿಸುವ ಕಂಪ್ಯೂಟರ್ ಪ್ರೋಗ್ರಾಮಿಗೆ ಮೂರು ವರ್ಷ ಸವೆಸಿದ್ದಳು. ನರ್ಸ್ ಆಗಿದ್ದ ಅಕ್ಕ ರೋಗಿಗಳ ಮನವೊಲಿಸಿ, ಅವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಸಾವಿರಾರು ಕೆಮ್ಮು ರೆಕಾರ್ಡ್ ಮಾಡಿ ಕೂಡಿಸಿಕೊಟ್ಟಿದ್ದಳು. ಕೊನೆಯ ಪ್ರಯೋಗ ಮುಗಿದದ್ದು ಅದೇ ಬೆಳಿಗ್ಗೆ ಏಳಕ್ಕೆ. ಕಡೆಯ ಕೋಷ್ಟಕ ತುಂಬಿಸಿ ಕಳಿಸುವುದಷ್ಟೇ ಬಾಕಿ. ಗಡುವಿಗೆ ಇನ್ನೂ ಹತ್ತು ತಾಸಿಗೂ ಹೆಚ್ಚು ಇದೆ ಎಂಬ ಧೈರ್ಯದಲ್ಲೇ ಅವಳು ಒಂದಿಷ್ಟು ನಿದ್ದೆ ಮಾಡಿ ಎದ್ದು ಬಂದಿದ್ದಳು.

ಆ ಲೆಕ್ಕ ತಪ್ಪಿರಲಿಲ್ಲ. ಸಮ್ಮೇಳನದ ಪುಟದಲ್ಲಿ ‘ಹದಿನೈದನೇ ತಾರೀಖು, ರಾತ್ರಿ 11:59, ಭೂಮಿಯ ಮೇಲೆ ಎಲ್ಲಿಯಾದರೂ’ ಎಂದು ಈಗಲೂ ಇತ್ತು.

ಅಷ್ಟರಲ್ಲಿ ಗೈಡ್ ಬಂದರು. ವಿಭಾಗದ ಮುಖ್ಯಸ್ಥರು, ಇಪ್ಪತ್ತು ವರ್ಷದ ಅನುಭವಸ್ಥರು. ಪರದೆ ನೋಡಿದ್ದೇ ಅವರ ಮುಖ ಸಿಡುಕಾಯಿತು. ಹದಿನೈದು ಅಂದರೆ ಹದಿನೈದು, ಇವತ್ತು ಹದಿನಾರು, ಕಡೇ ಗಳಿಗೆಯವರೆಗೆ ಕಾಯುವವರ ಹಣೆಬರಹ ಇಷ್ಟೇ ಎಂದು ಲ್ಯಾಬಿಗೆಲ್ಲ ಕೇಳುವಂತೆ ಬೈದರು. ಅವಳು ಬಾಯಿ ತೆರೆದರೆ ಕೈ ಅಡ್ಡ ಹಿಡಿದರು. ಮಿಕ್ಕವರೆಲ್ಲ ಕೀಬೋರ್ಡಿಗೆ ಕಣ್ಣು ನೆಟ್ಟು ಕೂತರು.

ಹತ್ತೂವರೆಗೆ ಅವಳಿಗೊಂದು ಮೇಲ್ ಬಂತು. ಗೈಡ್ ಸಮ್ಮೇಳನದ ಅಧ್ಯಕ್ಷೆಗೆ ಬರೆದದ್ದರ ಪ್ರತಿ ಅದು. ‘ನನ್ನ ವಿದ್ಯಾರ್ಥಿನಿ ಬೇಜವಾಬ್ದಾರಿಯಿಂದ ತಡ ಮಾಡಿದ್ದಾಳೆ. ದಯವಿಟ್ಟು ಕ್ಷಮಿಸಿ, ಒಂದು ಅವಕಾಶ ಕೊಡಿ.’ ಹತ್ತೇ ನಿಮಿಷಕ್ಕೆ ಉತ್ತರವೂ ಬಂತು: ತಡವಾಗಿದೆಯೆಂದು ನೀವೇ ಒಪ್ಪಿದ ಮೇಲೆ ನಾವೇನೂ ಮಾಡುವಂತಿಲ್ಲ.

ಅವಳ ಮೈಯೆಲ್ಲ ಉರಿದುಹೋಯಿತು. ಮಾಡದ ತಪ್ಪಿಗೆ ಅವಳ ಹೆಸರಿನಲ್ಲಿ ಇನ್ಯಾರೋ ಕ್ಷಮೆ ಕೇಳಿ, ಇದ್ದ ಬಾಗಿಲನ್ನೂ ಭದ್ರವಾಗಿ ಮುಚ್ಚಿಸಿದ್ದರು. ಲ್ಯಾಪ್‌ಟಾಪ್ ಎತ್ತಿಕೊಂಡು ನೇರ ಅವರ ಕೋಣೆಗೆ ನುಗ್ಗಿದಳು.

“ಸರ್, ನಾನು ತಡ ಮಾಡಿಲ್ಲ. ಭೂಮಿ ಮೇಲೆ ಒಂದೇ ಒಂದು ಜಾಗದಲ್ಲಾದ್ರೂ ಹದಿನೈದನೇ ತಾರೀಖು ನಡೀತಿದ್ರೆ ಗಡುವು ಮುಗಿದಿಲ್ಲ ಅಂತ ಅದರ ಅರ್ಥ.”

“ಎಲ್ಲಿದೆ ಆ ಜಾಗ? ಯಾರಿದ್ದಾರೆ ಅಲ್ಲಿ?”

“ಯಾರೂ ಇಲ್ಲ. ಸಮುದ್ರದ ಮಧ್ಯೆ ಎರಡು ಖಾಲಿ ದ್ವೀಪ. ಗ್ರೀನಿಚ್‌ಗಿಂತ ಹನ್ನೆರಡು ಗಂಟೆ ಹಿಂದೆ. ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಅಲ್ಲಿಗೂ ನಮಗೂ ಹದಿನೇಳೂವರೆ ಗಂಟೆ ಅಂತರ. ಅಲ್ಲಿ ಹದಿನೈದರ ರಾತ್ರಿ ಹನ್ನೊಂದು ಐವತ್ತೊಂಬತ್ತು ಅಂದ್ರೆ ಇಲ್ಲಿ ಇವತ್ತು ಸಂಜೆ ಐದು ಇಪ್ಪತ್ತೊಂಬತ್ತು.”

ಯಾರೂ ಇಲ್ಲದ ಊರಿನ ಗಡಿಯಾರ ನಂಬಿಕೊಂಡು ಸಂಶೋಧನೆ ಮಾಡುವವಳನ್ನು ಇವತ್ತೇ ಕಂಡದ್ದು ಎಂದು ಅವರು ನಕ್ಕರು. ಹಾಗಿದ್ದರೆ ಪೋರ್ಟಲ್ ಯಾಕೆ ಮುಚ್ಚಿದೆ ಎಂದು ಕೇಳಿದರು. ಅದು ಅವಳಿಗೂ ಗೊತ್ತಿರಲಿಲ್ಲ. ಅಧ್ಯಕ್ಷೆಗೆ ತಾನೇ ಬರೆಯುತ್ತೇನೆ ಎಂದು ಹೇಳಿ, ಅವರ ಅಪ್ಪಣೆಗೆ ಕಾಯದೆ ಹೊರಬಂದಳು.

ಮೇಲ್‌ನಲ್ಲಿ ವಿನಂತಿ ಮಾಡಲಿಲ್ಲ. ನಿಮ್ಮ ಪುಟದಲ್ಲಿರುವ ಸಾಲು ಇದು, ಈ ಹೊತ್ತಿಗೆ ಆ ದ್ವೀಪಗಳಲ್ಲಿ ಹದಿನೈದರ ಸಂಜೆ ಐದೂವರೆ ಗಂಟೆ, ಪೋರ್ಟಲ್ ಯಾವ ಗಡಿಯಾರದ ಪ್ರಕಾರ ಮುಚ್ಚಿತು ಎಂದಷ್ಟೇ ಕೇಳಿದಳು. ಆಮೇಲೆ ಕಡೆಯ ಕೋಷ್ಟಕ ತುಂಬಿಸುತ್ತ ಕೂತಳು.

ಹನ್ನೆರಡೂ ನಲವತ್ತಕ್ಕೆ ಉತ್ತರ ಬಂತು. ಪೋರ್ಟಲ್‌ನಲ್ಲಿ ಗಡುವನ್ನು ಗ್ರೀನಿಚ್ ಸಮಯದಲ್ಲಿ ತುಂಬಿಬಿಟ್ಟಿದ್ದರು. ಹಾಗಾಗಿ ಅದು ಸರಿಯಾಗಿ ಹನ್ನೆರಡು ಗಂಟೆ ಮೊದಲೇ ಮುಚ್ಚಿತ್ತು. ತಪ್ಪು ನಮ್ಮದು, ಎಲ್ಲರಿಗೂ ಮತ್ತೆ ತೆರೆದಿದ್ದೇವೆ, ಮುಚ್ಚಿದ್ದ ಹೊತ್ತಿನ ಬದಲು ಇನ್ನೊಂದು ದಿನವನ್ನೂ ಕೊಟ್ಟಿದ್ದೇವೆ ಎಂದು ಅಧ್ಯಕ್ಷೆ ಬರೆದಿದ್ದಳು. ಆ ಒಂದು ದಿನ ಅವಳಿಗೆ ಬೇಕಾಗಿರಲಿಲ್ಲ. ಒಂದೂ ಹತ್ತಕ್ಕೆ ಪ್ರಬಂಧ ಏರಿಸಿದಳು.

ಬಾಗಿಲಲ್ಲಿ ಗೈಡ್ ನಿಂತಿದ್ದರು. “ನೋಡಿದ್ಯಾ? ನಾನು ಕೇಳಿಕೊಂಡಿದ್ದಕ್ಕೆ ತೆರೆದ್ರು.”

ಅವಳು ಉತ್ತರವನ್ನು ಅವರ ಮುಂದೆ ಹಿಡಿದಳು. ಅವರು ಓದಿ, ಆಯ್ತಲ್ಲ, ಬಿಡು ಎಂದರು. ಅವಳು ಬಿಡಲಿಲ್ಲ. ಬೇಜವಾಬ್ದಾರಿ ಎಂದು ಬರೆದ ಮಾತನ್ನು ಅದೇ ಅಧ್ಯಕ್ಷೆಗೆ ಬರೆದು ವಾಪಸ್ ತಗೊಳ್ಳಿ ಎಂದಳು.

“ನಿನ್ನ ಡಿಗ್ರಿ ನನ್ನ ಸಹಿ ಮೇಲೆ ನಿಂತಿದೆ, ಗೊತ್ತಲ್ಲ?”

“ಗೊತ್ತು ಸರ್. ನೀವು ಬರೀದಿದ್ರೆ ನಾನೇ ಬರೀತೀನಿ.”

ಅವರು ಬರೆಯಲಿಲ್ಲ. ಅವಳೇ ಬರೆದಳು, ಅವರಿಗೂ ಪ್ರತಿ ಹಾಕಿ: ‘ನಾನು ತಡ ಮಾಡಿರಲಿಲ್ಲ. ಹಿಂದಿನ ಮೇಲ್‌ನಲ್ಲಿ ನನ್ನ ಬಗ್ಗೆ ಇರುವ ಮಾತು ಸುಳ್ಳು.’

ಎರಡು ವಾರ ಗೈಡ್ ಅವಳೊಡನೆ ಮಾತು ಬಿಟ್ಟರು. ಮುಂದೆ ಯಾವ ಗಡುವು ಬಂದರೂ ‘ನಮ್ಮ ಟೈಮಲ್ಲಿ ಎಷ್ಟಾಗತ್ತೆ’ ಎಂದು ಲ್ಯಾಬಿನ ಬೇರೆಯವರನ್ನು ಕೇಳುತ್ತಿದ್ದರೇ ಹೊರತು ಅವಳನ್ನು ಕೇಳಲಿಲ್ಲ. ಪ್ರಬಂಧ ಸ್ವೀಕೃತವಾದ ದಿನ ಅಭಿನಂದನೆಯನ್ನೂ ಹೇಳಲಿಲ್ಲ.

ಅವತ್ತು ಡ್ಯೂಟಿ ಮುಗಿಸಿ ಬಂದ ಅಕ್ಕ ಸುದ್ದಿ ಕೇಳಿ ತಂಗಿಯನ್ನು ತಬ್ಬಿಕೊಂಡಳು. ತಂಗಿ ನಗದೆ ಇದ್ದದ್ದು ಕಂಡು, ಇನ್ನೂ ಕೋಪ ಇದ್ಯಾ ಎಂದಳು.

“ಇದೆ.”

“ಇರ್ಲಿ. ಕೈ ತೊಳ್ಕೊಂಡು ಊಟಕ್ಕೆ ಬಾ.”