ಹುಡುಗಿಯ ಹಿಂದೊಬ್ಬ ಹುಡುಗಿ

ಅತ್ತೆ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತರೆಂದರೆ ಮುಗಿಯಿತು, ಸೊಸೆ ನೀರು ಕುಡಿಯಲು ಏಳುವುದಕ್ಕೂ ಅಪ್ಪಣೆ ಬೇಕು. ಕೌಂಟರಿನ ಹಿಂದಿನ, ಕಿಟಕಿಯಿಲ್ಲದ ಆ ಕೋಣೆಯೇ ಅಂಗಡಿ. ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಸರಿಮಾಡಿಕೊಡುವುದು ಕೆಲಸ. ಕಂಡವರ ಮದುವೆಗಳನ್ನೆಲ್ಲ ಚೊಕ್ಕ ಮಾಡಿದವಳಿಗೆ ಈಗ ಮನೆಯದೇ ಕ್ಯಾಸೆಟ್ಟು ಕುತ್ತಿಗೆಗೆ ಬಂದಿತ್ತು. ಚಿಕ್ಕಂದಿನಲ್ಲೇ ತೀರಿಕೊಂಡ ನಾದಿನಿ ಓಡಾಡುವ ವಿಡಿಯೋ ಅಂತ ಇದ್ದದ್ದು ಅದೊಂದೇ.

“ನನ್ನ ಮಗಳನ್ನ ಸರಿಯಾಗಿ ತೋರಿಸು, ಸಾಕು,” ಅನ್ನುತ್ತಿದ್ದರು ಅತ್ತೆ.

ಪರದೆಯ ಮೇಲೆ ಹುಡುಗಿಯ ಫ್ರಾಕಿನ ಕೆಂಪು ಬಲಕ್ಕೆ ಸೋರಿ ಹಿಂದಿನ ಗೋಡೆಗೆ ಮೆತ್ತಿಕೊಂಡಿತ್ತು. ಸೊಸೆ ಬಣ್ಣದ ಪದರವನ್ನಷ್ಟೇ ಬೇರೆ ಮಾಡಿ ಎಡಕ್ಕೆ, ಒಂಚೂರು ಮೇಲಕ್ಕೆ ಸರಿಸಿದಳು. ಕೆಂಪು ಬಹುಮಟ್ಟಿಗೆ ಫ್ರಾಕಿನೊಳಗೆ ಬಂತು. ಆದರೆ ಹುಡುಗಿ ಓಡಿದಾಗೆಲ್ಲ ಅವಳ ಬೆನ್ನಿಗೆ ಇನ್ನೊಬ್ಬ ಮಸುಕು ಹುಡುಗಿ ಓಡುತ್ತಿದ್ದಳು. ಚಿತ್ರದ ಒಂದು ತೆಳು ಪ್ರತಿಯನ್ನು ಪಕ್ಕಕ್ಕೆ ಜರುಗಿಸಿ ಮೂಲದಿಂದ ಕಳೆದರೆ, ಕೇಬಲ್ಲಿನ ದೋಷದಿಂದ ಬರುವ ಇಂಥ ಜೋಡಿಬಿಂಬ ಹೋಗಬೇಕು. ಈ ಮಸುಕು ಹುಡುಗಿ ಹೋಗಲಿಲ್ಲ, ಮುಖದ ಮೇಲೆ ಕಪ್ಪು ಕಲೆ ಮಾತ್ರ ಬಂತು.

“ನೀನು ಬೇಕಂತ ಮಾಡ್ತಿಲ್ಲ ತಾನೆ?” ಎಂದರು ಅತ್ತೆ.

ಹುಡುಗಿ ಸುಮ್ಮನೆ ನಿಂತ ಗಳಿಗೆಯಲ್ಲಿ ಸೊಸೆಗೆ ಹೊಳೆಯಿತು: ನಿಂತಾಗ ಜೋಡಿಯೇ ಇಲ್ಲ! ಕೇಬಲ್ಲಿನ ದೋಷವಾಗಿದ್ದರೆ ನಿಂತಾಗಲೂ ಅಷ್ಟೇ ದೂರದಲ್ಲಿ ಕಾಣಬೇಕಿತ್ತು. ಇದು ಪ್ಲೇಯರಿನ ಕೆಲಸ. ಚಿತ್ರದ ಮೇಲಿನ ಕಾಳುಕಾಳು ಚುಕ್ಕೆ ಕಡಿಮೆ ಮಾಡುವ ಬಟನ್ ಒತ್ತಿದ್ದರೆ ಅದು ಹಿಂದಿನ ಚಿತ್ರವನ್ನು ಮುಂದಿನದಕ್ಕೆ ಬೆರೆಸುತ್ತದೆ. ಬೆರೆತದ್ದು ಕಂಪ್ಯೂಟರಿನಲ್ಲಿ ಬೇರೆಯಾಗದು. ಆ ಬಟನ್ ಒತ್ತಿಟ್ಟು ಅದರ ಮೇಲೆ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದವರು ಅಂಗಡಿಯ ಯಜಮಾನರಾದ ಭಾವ. ಅಮ್ಮನ ಎದುರು ಮಗನ ಹೆಸರೆತ್ತುವಂತಿರಲಿಲ್ಲ.

ಇನ್ನು ಇದ್ದದ್ದೊಂದೇ ದಾರಿ, ಬಟನ್ ಆಫ್ ಮಾಡಿ ಮತ್ತೆ ಇಳಿಸುವುದು. ಟೇಪು ಮೊದಲ ಸಲವೇ ಕಂದು ಪುಡಿ ಉದುರಿಸಿತ್ತು, ಇನ್ನೊಂದು ಓಟ ತಾಳೀತೋ ಇಲ್ಲವೋ. ಭಾವ ಕೌಂಟರಿಗೆ ಹೋದಾಗ ಚೀಟಿ ಕಿತ್ತು ಬಟನ್ ಆಫ್ ಮಾಡಿದಳು, ಕ್ಯಾಸೆಟ್ಟು ತುರುಕಿದಳು.

ಚಿತ್ರದ ತುಂಬ ಕಾಳುಕಾಳು, ಆದರೆ ಹುಡುಗಿ ಒಬ್ಬಳೇ! ಅತ್ತೆ ಸೆರಗು ಬಾಯಿಗೊತ್ತಿಕೊಂಡರು. “ಇವಳೇ... ಇವಳೇ ನನ್ನ ಕೂಸು.” ಸೊಸೆಗೂ ಅಳು ಬಂತು.

ಕೊನೆಗೆ ಹುಡುಗಿ ಕ್ಯಾಮೆರಾದ ಹಿಂದಿದ್ದ ಅಮ್ಮನ ಕಡೆ ಓಡಿಬರಬೇಕು. ಅಷ್ಟರಲ್ಲಿ ಪರದೆಯ ತುಂಬ ಗೀರು. ತೆಗೆದು ನೋಡಿದರೆ ಟೇಪು ಪ್ಲೇಯರಿನೊಳಗೆ ಸುತ್ತಿಕೊಂಡು ಹರಿದಿತ್ತು, ಮೇಲಿನ ಪದರ ಪುಡಿಪುಡಿ. ಹುಡುಗಿಯ ಆ ಓಟ ಇನ್ನುಳಿದದ್ದು ಮೊದಲ ಸಲ ಇಳಿಸಿದ ಫೈಲಿನಲ್ಲಿ ಮಾತ್ರ, ಹಿಂದಿನ ಹುಡುಗಿಯ ಸಮೇತ.

ಅತ್ತೆ ಕಣ್ಣೊರೆಸಿಕೊಂಡರು. “ಅವಳು ನನ್ನ ಹತ್ರ ಓಡಿಬರೋದು ಅದೊಂದೇ ಸಲ ಕಣೇ. ಇಷ್ಟು ಮಾಡಿದವಳು ಅದನ್ನೂ ಸರಿಮಾಡ್ತೀಯಲ್ಲ?”

ಬೆರೆತದ್ದು ಬೇರೆಯಾಗದೆಂದು ಸೊಸೆಗೆ ಗೊತ್ತಿತ್ತು.

“ನೋಡ್ತೀನಿ ಅತ್ತೆ,” ಎಂದಳು.

ಅತ್ತೆ ಎದ್ದು, ಕುರ್ಚಿಯನ್ನು ಇನ್ನಷ್ಟು ಒಳಕ್ಕೆಳೆದುಕೊಂಡು, ಬಾಗಿಲು ಮುಚ್ಚಿ ಕೂತರು.