ಸಹಿ ಬಿದ್ದ ಗೆರೆಗಳು

ತಿರುವನಂತಪುರದ ಆ ಕೇಂದ್ರ ಸರ್ಕಾರಿ ಕಚೇರಿಯದು ಹಿನ್ನೀರಿನ ಮೀನುಗಾರರ ಏಳಿಗೆ ನೋಡಿಕೊಳ್ಳುವ ಕೆಲಸ. ಅಲ್ಲಿಯ ಅಧಿಕಾರಿಗಳಲ್ಲಿ ಹೆಚ್ಚಿನವರು ಮೀನನ್ನು ನೋಡಿದ್ದು ಊಟದ ತಟ್ಟೆಯಲ್ಲಿ. ಉಪನಿರ್ದೇಶಕ ಕೃಷ್ಣಾನಂದರು ಮೈಸೂರಿನ ಸಸ್ಯಾಹಾರಿಯಾದ್ದರಿಂದ ಅಲ್ಲಿಯೂ ನೋಡಿರಲಿಲ್ಲ.

ಹೊಸ ವರ್ಷದ ಕ್ಯಾಲೆಂಡರಿನ ಮುಖಚಿತ್ರ ಸಿಬ್ಬಂದಿಯ ಕೈಯಿಂದಲೇ ಬರಬೇಕೆಂದು ಅವರು ಸುತ್ತೋಲೆ ಹೊರಡಿಸಿದರು. ಬಂದದ್ದು ಒಂದೇ ಒಂದು ಚಿತ್ರ. ಟಪಾಲು ವಿಭಾಗದ ಗುಮಾಸ್ತೆ, ಕುಂಬಳೆಯ ಕುಸುಮಾವತಿ, ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದು. ದೋಣಿಯ ಮೇಲೆ ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ನಿಂತು, ಉದ್ದ ಕೋಲಿನ ಬಲೆಯಿಂದ ಹೊಳೆಯ ತಳದ ಮರುವಾಯಿ ಚಿಪ್ಪುಗಳನ್ನು ಎಳೆಯುತ್ತಿದ್ದಾಳೆ. ಹತ್ತು ಹದಿನೈದು ಗೆರೆಗಳಷ್ಟೇ. ಆದರೆ ಆ ಬೆನ್ನಿನಲ್ಲಿ ಭಾರ ಕಾಣುತ್ತಿತ್ತು.

ಹಾಳೆ ಫೈಲಾಗಿ ನಾಲ್ಕು ಮೇಜು ಹತ್ತಿ ಇಳಿಯಿತು. ಹತ್ತಿದ ಮೇಜಿನಲ್ಲೆಲ್ಲ ಚಿತ್ರ ಸುಧಾರಿಸಿತು. ಒಬ್ಬರು ತೆಂಗಿನ ಮರ ಸೇರಿಸಿದರು. ಅದು ಸರಿಯಾಗಿ ಹೆಂಗಸಿನ ನೆತ್ತಿಯಿಂದ ಎದ್ದಿತು. ಇನ್ನೊಬ್ಬರು ಸೂರ್ಯನನ್ನು, ಮತ್ತೊಬ್ಬರು ಪುಸ್ತಕ ಹಿಡಿದ ಮಗುವನ್ನು ಸೇರಿಸಿ, ತಿದ್ದಿದ ಕಡೆಯೆಲ್ಲ ನಿಯಮದಂತೆ ಚುಟುಕು ಸಹಿ ಹಾಕಿದರು. ಕೃಷ್ಣಾನಂದರು ಗೆರೆ ಎಳೆಯಲಿಲ್ಲ. ದೋಣಿಯ ಕೆಳಗೆ, ನೀರಿರಬೇಕಾದ ಜಾಗದಲ್ಲಿ, ತಮ್ಮ ಪೂರ್ಣ ಸಹಿ ಹಾಕಿದರು. ಮೂರು ಸುತ್ತು ಸುತ್ತಿ ಬಾಲ ಎಳೆಯುವ ಸಹಿ ಅದು.

ಹಾಳೆ ಕೊಚ್ಚಿಯ ಕಲೂರಿನ ಒಂದು ಡಿಸೈನ್ ಸ್ಟುಡಿಯೋದಲ್ಲಿ ಜೀವಿತಾಳ ಕೈಸೇರಿತು. ಮಂಗಳೂರಿನ ಹುಡುಗಿ, ಪೆನ್ಸಿಲ್ ಗೀಚನ್ನು ಎಐ ಬಳಸಿ ಬಣ್ಣದ ಚಿತ್ರ ಮಾಡುವುದರಲ್ಲಿ ಪಳಗಿದವಳು. ಕೃಷ್ಣಾನಂದರು ಮೊದಲೇ ಫೋನು ಮಾಡಿ ಎಚ್ಚರಿಸಿದ್ದರು.

"ನೋಡಮ್ಮ, ಅದು ಅಪ್ರೂವ್ ಆಗಿರೋ ಡ್ರಾಯಿಂಗು. ಒಂದು ಗೆರೆನೂ ಆಚೀಚೆ ಆಗ್ಕೂಡ್ದು. ಬಣ್ಣ ಮಾತ್ರ ನಿಮ್ದು."

ಜೀವಿತಾ ಹಾಳೆಯನ್ನು ಸ್ಕ್ಯಾನ್ ಮಾಡಿ, ಮಾಸಲು ಹಿನ್ನೆಲೆಯನ್ನು ಕಪ್ಪಾಗಿಸಿ, ಗೆರೆಗಳನ್ನು ಬಿಳಿಯಾಗಿಸಿದಳು. ಸ್ಕ್ರಿಬಲ್ ಗೈಡೆನ್ಸಿಗೆ ಬೇಕಾದದ್ದು ಅದೇ: ಯಂತ್ರ ಗೀಚನ್ನು ಅಸ್ಥಿಪಂಜರದಂತೆ ಹಿಡಿದುಕೊಂಡು, ನಾವು ಬರೆದುಕೊಟ್ಟ ವಿವರಣೆಯನ್ನು ಅದರ ಮೇಲೆ ಮಾಂಸದಂತೆ ತುಂಬುತ್ತದೆ. ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಎಂಬುದೇ ಸ್ಟ್ರೆಂತ್. ಪೂರ್ತಿ ಒಂದಕ್ಕೆ ಏರಿಸಿದರೆ ಗೆರೆ ಬಿಟ್ಟು ಅಲುಗಾಡುವುದಿಲ್ಲ. ಇಳಿಸುತ್ತ ಹೋದರೆ ತನ್ನಿಷ್ಟದಂತೆ ಬರೆಯತೊಡಗುತ್ತದೆ. ಸಾಹೇಬರ ಆಜ್ಞೆಯಂತೆ ಅವಳು ಒಂದರಲ್ಲೇ ಇಟ್ಟಳು.

ಬಂದ ಚಿತ್ರ ನೋಡಿ ಸ್ಟುಡಿಯೋದ ಯಜಮಾನ ವಿಲ್ಸನ್ ಕುರ್ಚಿ ಎಳೆದುಕೊಂಡು ಕೂತ.

"ದೋಣಿ ಕೆಳಗೆ ಈ ಹೆಬ್ಬಾವು ಯಾರ ಐಡಿಯಾ?"

"ಅದು ಉಪನಿರ್ದೇಶಕರ ಸಹಿ ಚೇಟ್ಟಾ."

ಯಂತ್ರಕ್ಕೆ ಸಹಿಯೂ ಗೆರೆ, ದೋಣಿಯೂ ಗೆರೆ. ನೀರಿನಲ್ಲಿ ಸುತ್ತಿ ಸುತ್ತಿ ಬಿದ್ದದ್ದು ಹಾವಲ್ಲದೆ ಮತ್ತೇನು? ಚುಟುಕು ಸಹಿಗಳು ಕಾಗೆಗಳಾಗಿದ್ದವು. ತೆಂಗಿನ ಮರವನ್ನು ಹೆಂಗಸು ಕಿರೀಟದಂತೆ ಹೊತ್ತಿದ್ದಳು. ಬೆನ್ನು ಮಾತ್ರ ಅಚ್ಚುಕಟ್ಟಾಗಿ ಬಂದಿತ್ತು.

ಎರಡು ದಿನ ಬಿಟ್ಟು ಜೀವಿತಾ ಲ್ಯಾಪ್‌ಟಾಪ್ ಹಿಡಿದು ತಿರುವನಂತಪುರದ ರೈಲು ಹತ್ತಿದಳು. ಸಭೆಯ ಕೋಣೆಯಲ್ಲಿ ತಿದ್ದಿದವರೆಲ್ಲ ಕೂತಿದ್ದರು. ಪಾಲ್ಗೊಳ್ಳುವಿಕೆಯ ಹೆಸರಿನಲ್ಲಿ ಕುಸುಮಾವತಿಯನ್ನೂ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಿಸಿದ್ದರು. ಪರದೆಯ ಮೇಲೆ ಚಿತ್ರ ಮೂಡಿತು.

"ಇದೇನಮ್ಮ ಇದು, ಹಾವು?" ಕೃಷ್ಣಾನಂದರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಮೀನುಗಾರ್ರನ್ನ ಹೆದರ್ಸೋದಾ ನಮ್ಮ ಉದ್ದೇಶ?"

"ಸರ್, ಅದು ನಿಮ್ಮ ಸಹಿ. ಗೆರೆ ಬಿಡಬಾರದು ಅಂದಿರಿ."

ಕೋಣೆಯಲ್ಲಿ ಯಾರಿಗೋ ಕೆಮ್ಮು ಬಂತು. ನೋಡನೋಡುತ್ತ ಅದು ಎಲ್ಲರಿಗೂ ಅಂಟಿತು.

"ಸ್ಕ್ಯಾನಿನಲ್ಲಿ ಸಹಿಗಳನ್ನು ಅಳಿಸಿದರೆ ಸರಿಯಾಗುತ್ತದೆ ಸರ್," ಎಂದಳು ಜೀವಿತಾ. "ಮೂಲ ಹಾಳೆ ಫೈಲಿನಲ್ಲೇ ಇರುತ್ತದೆ."

"ಅಳ್ಸೋದಾ? ಅಪ್ರೂವ್ ಆದ ಪೇಪರಲ್ಲಿ ಸಹಿ ಅಳ್ಸಿದ್ರೆ ಏನಂತಾರೆ ಗೊತ್ತಾ? ಫೋರ್ಜರಿ! ಬೇರೆ ದಾರಿ ಹೇಳಿ."

ಬೇರೆ ದಾರಿ ಸ್ಟ್ರೆಂತ್ ಇಳಿಸುವುದು. ಉಳಿದದ್ದನ್ನೆಲ್ಲ ಹಾಗೇ ಇಟ್ಟು, ಅದೊಂದನ್ನೇ ಅವಳು ಅವರ ಕಣ್ಣೆದುರೇ ಇಳಿಸಿದಳು. ಪಾಯಿಂಟ್ ಏಳರಲ್ಲಿ ಹೆಬ್ಬಾವು ಸೊರಗಿ ಜೊಂಡಾಯಿತು. ಪಾಯಿಂಟ್ ನಾಲ್ಕರಲ್ಲಿ ಜೊಂಡು ಅಲೆಯಾಯಿತು, ಕಾಗೆಗಳು ಹಾರಿಹೋದವು, ತೆಂಗಿನ ಮರ ನೆತ್ತಿ ಬಿಟ್ಟು ದಡಕ್ಕೆ ಸರಿಯಿತು. ಅದರೊಂದಿಗೆ ಹೆಂಗಸೂ ತಿರುಗಿಬಿಟ್ಟಳು. ಹಿಂದಿನಿಂದ ಕಾಣಬೇಕೆಂದು ವಿವರಣೆಯಲ್ಲಿ ಬರೆದಿದ್ದರೂ, ಗೆರೆಯ ಹಿಡಿತ ಸಡಿಲವಾದದ್ದೇ ತಡ, ಯಂತ್ರ ತಾನು ಕಂಡ ಸಾವಿರಾರು ಕ್ಯಾಲೆಂಡರು ಸುಂದರಿಯರ ಕಡೆಗೆ ಜಾರಿತ್ತು. ತುಟಿಗೆ ಬಣ್ಣ, ಕಿವಿಗೆ ಜುಮುಕಿ, ಮುಖದ ತುಂಬ ನಗು. ಕೈಯಲ್ಲಿದ್ದ ಕೋಲಿನ ತುದಿಗೆ ಬಲೆಯೇ ಇರಲಿಲ್ಲ.

"ವಾಹ್!" ಎಂದರು ಕೃಷ್ಣಾನಂದರು. "ಇದೇ ನೋಡಿ ನಾನು ಅಂದ್ಕೊಂಡಿದ್ದು."

ತೆಂಗಿನ ಮರದವರು ತಮ್ಮ ಮರ ಚೆನ್ನಾಗಿ ಬಂದಿದೆಯೆಂದರು. ಮಗು ಬರೆದವರಂತೂ, ಮಗುವೇ ಇಲ್ಲದ ಚಿತ್ರದಲ್ಲಿ ತಮ್ಮ ಮಗುವಿನ ಕಣ್ಣುಗಳನ್ನು ಮೆಚ್ಚಿದರು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಜೀವಿತಾ ಕುಸುಮಾವತಿಯ ಎದುರು ಬಂದು ಕೂತಳು.

"ಅಕ್ಕಾ, ನಿಮಗೆ ಹೇಗೆ ಕಂಡಿತು?"

"ಜುಮುಕಿ ಹಾಕ್ಕೊಂಡು ಮರುವಾಯಿ ಹೆಕ್ಕುವವರನ್ನು ನಾನು ನೋಡ್ಲಿಲ್ಲ ಮಾರಾಯ್ತಿ," ಎಂದಳು ಕುಸುಮಾವತಿ, ಅನ್ನಕ್ಕೆ ಸಾಂಬಾರು ಕಲಸುತ್ತ. "ಅದು ನನ್ನ ಅಮ್ಮ. ಸಣ್ಣದಿರುವಾಗ ನಾನು ದೋಣಿಯ ಹಿಂಬದಿಯಲ್ಲಿ ಬುಟ್ಟಿ ಹಿಡಿದು ಕೂತ್ಕೊಳ್ಳುದು. ಕಾಣುದು ಅವಳ ಬೆನ್ನೇ. ಕೆಲಸದ ನಡುವೆ ಅವಳು ತಿರುಗಿ ನೋಡಿದ್ದೇ ಇಲ್ಲ. ಇವ್ರಿಗೆ ಮುಖ ಎಂತಕ್ಕೆ?"

"ಸಭೆಯಲ್ಲಿ ಹೇಳಬಹುದಿತ್ತಲ್ಲ."

"ಹೇಳಿದ್ರೆ ಅದಕ್ಕೂ ಒಂದು ನೋಟ್ ಹಾಕಿ, ನಾಲ್ಕು ಮೇಜಿಗೆ ಕಳಿಸ್ತಾರೆ."

ಕಲೂರಿಗೆ ಮರಳಿದ ಜೀವಿತಾಳಿಗೆ ಆ ನಗುಮುಖದ ಫೈಲನ್ನು ಮುದ್ರಣಕ್ಕೆ ಕಳಿಸಲು ಕೈ ಬರಲಿಲ್ಲ. ಸ್ಕ್ಯಾನನ್ನು ಮತ್ತೆ ತೆರೆದು ಮರ, ಸೂರ್ಯ, ಮಗು, ಎಲ್ಲರ ಸಹಿ, ಒಂದೂ ಬಿಡದೆ ಅಳಿಸಿದಳು. ಕುಸುಮಾವತಿಯ ಮಸುಕಾದ ಗೆರೆಗಳನ್ನಷ್ಟೇ ತುಸು ದಪ್ಪ ಮಾಡಿ, ಸ್ಟ್ರೆಂತನ್ನು ಪಾಯಿಂಟ್ ಎಂಟಕ್ಕಿಟ್ಟಳು. ಚಿತ್ರದ ಮೂರರಲ್ಲೆರಡು ಪಾಲು ರೂಪುಗೊಳ್ಳುವವರೆಗೆ ಮಾತ್ರ ಗೆರೆಯ ಹಿಡಿತವಿದ್ದು, ಆಮೇಲೆ ನೀರು, ಬೆಳಕು ತಮ್ಮ ಪಾಡಿಗೆ ಹರಡಿಕೊಳ್ಳಲೆಂದು ಬಿಟ್ಟಳು. ಏಳನೆಯ ಸಲಕ್ಕೆ ಹೆಂಗಸು ಬಂದಳು: ಒದ್ದೆ ಸೀರೆಯ ಬೆನ್ನು, ಎಳೆತಕ್ಕೆ ಬಿಗಿದ ಭುಜ, ಕೆಸರು ಬಣ್ಣದ ಹೊಳೆ.

ಇನ್ನು ಸಾಹೇಬರನ್ನು ಒಪ್ಪಿಸಬೇಕು. ಅದಕ್ಕವಳು ಕಚೇರಿಯ ಭಾಷೆಯನ್ನೇ ಎರವಲು ತಂದಳು. "ತಮ್ಮ ಸಹಿಯನ್ನು ನೀರಿನೊಳಗಿನಿಂದ ಚಿತ್ರದ ಅಂಚಿಗೆ ಗೌರವಪೂರ್ವಕವಾಗಿ ಸ್ಥಳಾಂತರಿಸಲಾಗಿದೆ" ಎಂದು ಇ-ಮೇಲ್ ಬರೆದು, ಚಿತ್ರದ ಅಡಿಯಲ್ಲಿ ಚಿನ್ನದ ಅಕ್ಷರಗಳಲ್ಲಿ "ಪರಿಕಲ್ಪನೆ: ಕೃಷ್ಣಾನಂದ" ಎಂದು ಹಾಕಿದಳು. ಹಾಕುವಾಗ ನಾಚಿಕೆಯಾಯಿತು. ಆದರೂ ಹಾಕಿದಳು. ಒಪ್ಪಿಗೆ ಹತ್ತೇ ನಿಮಿಷದಲ್ಲಿ ಬಂತು. ಹೆಂಗಸಿನ ಮುಖ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಬಿಡುಗಡೆಯ ದಿನ ಕೃಷ್ಣಾನಂದರು ಮೈಕಿನ ಮುಂದೆ ನಿಂತು, ಮಹಿಳೆ ಭವಿಷ್ಯದ ಕಡೆ ಮುಖ ಮಾಡಿದ್ದಾಳೆ, ಬೆನ್ನು ತೋರಿಸುವ ಆಲೋಚನೆ ತಮಗೆ ಬೆಳಗಿನ ವಾಕಿಂಗಿನಲ್ಲಿ ಹೊಳೆಯಿತು ಎಂದರು. ಚಪ್ಪಾಳೆ ಬಿತ್ತು. ಕುಸುಮಾವತಿ ಹಿಂದಿನ ಸಾಲಿನಲ್ಲಿ ಕ್ಯಾಲೆಂಡರುಗಳಿಗೆ ರಬ್ಬರ್‌ಬ್ಯಾಂಡ್ ಹಾಕುತ್ತಿದ್ದಳು.

ಜೀವಿತಾ ಅವಳ ಬಳಿ ಹೋಗಿ, "ನಿಮ್ಮ ಹೆಸರು ಹಾಕಿಸಲು ಆಗಲಿಲ್ಲ ಅಕ್ಕಾ. ನನ್ನದೇ ತಪ್ಪು," ಎಂದಳು.

ಕುಸುಮಾವತಿ ಒಂದು ಕ್ಯಾಲೆಂಡರು ಬಿಡಿಸಿ ಬಹಳ ಹೊತ್ತು ನೋಡಿದಳು. "ಭುಜ ಸರಿ ಉಂಟು," ಎಂದಳು. "ನನ್ನ ಹಾಳೆ ವಾಪಸ್ ಕೇಳಿದೆ. ಅದು ಈಗ ದಾಖಲೆಯಂತೆ, ಕೊಡ್ಲಿಕ್ಕಾಗುದಿಲ್ಲಂತೆ."

"ಸ್ಕ್ಯಾನ್ ನನ್ನ ಹತ್ತಿರ ಇದೆ. ಕಳಿಸ್ತೇನೆ."

"ಬೇಡ. ಅಮ್ಮನ ಬೆನ್ನು ನನಗೆ ಬಾಯಿಪಾಠ," ಎಂದು ಕುಸುಮಾವತಿ ಮುಂದಿನ ಕ್ಯಾಲೆಂಡರಿಗೆ ಕೈಹಾಕಿದಳು. "ಇನ್ನೊಂದು ಬರೀತೇನೆ. ಈ ಸಲ ಮನೆಯಲ್ಲಿ ಇಟ್ಕೊಳ್ತೇನೆ."