ನಾಲ್ಕನೆಯ ಚೀಟಿ

ಮೂರು ಹಾಳೆ ಹರಿದು ಬಿಸಾಕಿದ ಮೇಲೆ ಆಟದ ಟೀಚರ್ ಸುಂದರಾ ಬಾಯಿಯವರ ಖೋ-ಖೋ ಲೀಗಿನ ಪಟ್ಟಿ ಸರಿಯಾಗಿ ಕೂತಿತ್ತು. ಶಾಲೆಯಲ್ಲಿ ಈ ವರ್ಷ ಐದು ಹೌಸು. ಹೋದ ವರ್ಷದ ತನಕ ಕೃಷ್ಣಾ, ಘಟಪ್ರಭಾ, ಮಲಪ್ರಭಾ, ದೂಧಗಂಗಾ ಎಂದು ನಾಲ್ಕೇ ಇದ್ದವು. ಮಕ್ಕಳು ಹೆಚ್ಚಾದರೆಂದು ಒಂದೊಂದು ಹೌಸಿನಿಂದ ಬೇಡವಾದವರನ್ನು ಹೆಕ್ಕಿ ವೇದಗಂಗಾ ಎಂಬ ಐದನೆಯದನ್ನು ಮಾಡಿದರು. ಐದಾದರೆ ಪ್ರತಿ ಸುತ್ತಿನಲ್ಲೂ ಒಂದು ಹೌಸು ಜೋಡಿಯಿಲ್ಲದೆ ಉಳಿಯುತ್ತದೆ. ಅದಕ್ಕೇ ಬಾಯಿಯವರು ಹಾಳೆಯ ಮೇಲಿನ ಬಲಮೂಲೆಯಲ್ಲಿ 'ಬೈ' ಎಂದು ಬರೆದು, ಅದೊಂದನ್ನು ಅಲುಗಿಸದೆ, ಉಳಿದ ಐದು ಅಂಕಿಗಳನ್ನು ಗಡಿಯಾರದ ಮುಳ್ಳು ತಿರುಗಿದಂತೆ ಒಂದೊಂದು ಸ್ಥಾನ ಸರಿಸುತ್ತ ಹೋಗಿದ್ದರು. ಐದು ಸುತ್ತು, ಸುತ್ತಿಗೆ ಎರಡು ಪಂದ್ಯ, ಒಟ್ಟು ಹತ್ತು. ಎಲ್ಲರೂ ಎಲ್ಲರೊಂದಿಗೆ ಆಡುತ್ತಾರೆ, ಎಲ್ಲರಿಗೂ ಒಂದೊಂದು ದಿನ ವಿಶ್ರಾಂತಿ. ಯಾರೂ ಬೆರಳು ತೋರಿಸುವ ಹಾಗಿಲ್ಲ.

ಹೆಡ್ ಮಾಸ್ತರ ತವನಪ್ಪನವರು ಹಾಳೆ ನೋಡಿ ಕನ್ನಡಕ ತೆಗೆದರು.

"ಹತ್ತು ಮ್ಯಾಚ್! ಬಾಯೋರ, ಮಳಿ ಒಂದು ವಾರ ನುಂಗಿ ಕುಂತೈತಿ. ಶನಿವಾರ ಸಂಜಿಯೊಳಗ ಅಥಣಿಗೆ ಗೆದ್ದ ಟೀಮಿನ ಎಂಟ್ರಿ ಮುಟ್ಟಬೇಕು. ನನ್ನ ಕಡೆ ಇರೂದು ಒಂದು ಶನಿವಾರದ ಮುಂಜಾನೆ."

"ನಾಕೌಟ್ ಮಾಡಿದ್ರ ನಾಕರಾಗ ಮುಗೀತೈತ್ರಿ ಸರ್. ಆದ್ರ ಐದು ಟೀಮ್ ಇದ್ದಾಗ ಅದು ಎಲ್ಲಾರಿಗೂ ಒಂದ ತೂಕ ಆಗೂದಿಲ್ರಿ."

"ಚೀಟಿ ಎತ್ತಿದ್ರ ಆತಲ್ರಿ. ಯಾರ ಹಣೇಬರಹ ಹೆಂಗೈತೋ ಹಂಗ."

ಸುಂದರಾ ಲೀಗಿನ ಹಾಳೆ ಮಡಚಿಕೊಂಡರು. ಒಂಬತ್ತು ವರ್ಷದಿಂದ ಗೌರವಧನದ ಮೇಲೆ ಆಟ ಕಲಿಸುತ್ತಿರುವವರಿಗೆ ಮರುಮಾತಿನ ಅಭ್ಯಾಸ ಉಳಿದಿರುವುದಿಲ್ಲ. ಆದರೆ ಈ ಸಲದ ಖೋ-ಖೋ ಬರೀ ಖೋ-ಖೋ ಆಗಿರಲಿಲ್ಲ. ಹೋದ ವರ್ಷ ಶಾಲಾ ತಂಡಕ್ಕೆ ಹುಡುಗಿಯರನ್ನು ಆರಿಸಿದಾಗ, ಬಾಯಿಯವರು ತಮಗೆ ಬೇಕಾದವರನ್ನು ಹಾಕಿಕೊಂಡರೆಂದು ಯಾರೋ ಅರ್ಜಿ ಬರೆದಿದ್ದರು. ಆದ್ದರಿಂದ ಈ ವರ್ಷ ಆಯ್ಕೆಯೇ ಇಲ್ಲ. ಗೆದ್ದ ಹೌಸಿನ ಹನ್ನೆರಡು ಹುಡುಗಿಯರು ಇದ್ದ ಹಾಗೆಯೇ ವಲಯ ಮಟ್ಟಕ್ಕೆ ಹೋಗಬೇಕು ಎಂದು ಠರಾವಾಗಿತ್ತು. ಅಲ್ಲಿಂದ ತಾಲೂಕು, ತಾಲೂಕಿನಿಂದ ಜಿಲ್ಲೆ. ಜಿಲ್ಲೆಯ ಆಟಕ್ಕೆ ಕ್ರೀಡಾ ವಸತಿ ನಿಲಯದ ಕೋಚ್ ಬರುತ್ತಾರೆ. ಹದಿನಾಲ್ಕು ದಾಟಿದ ಮಕ್ಕಳನ್ನು ಅವರು ಕಣ್ಣೆತ್ತಿ ನೋಡುವುದಿಲ್ಲ.

ಸುಂದರಾ ಬಾಯಿಯವರ ಮಗಳು ನೀಲಮ ಎಂಟನೆಯ ತರಗತಿಯಲ್ಲಿದ್ದಳು. ಮುಂದಿನ ಮಾರ್ಚಿಗೆ ಅವಳಿಗೆ ಹದಿನಾಲ್ಕು ತುಂಬುತ್ತಿತ್ತು. ಕಂಬದ ಹತ್ತಿರ ಅವಳು ಮೈ ತಿರುಗಿಸುವ ರೀತಿಯನ್ನು ಯಾರೂ ಕಲಿಸಿದ್ದಲ್ಲ. ಸೀರೆಯ ನೆರಿಗೆ ಜಾರಿದ ಹಾಗೆ ಜಾರಿ ಆಚೆ ಹೋಗಿಬಿಡುತ್ತಿದ್ದಳು. ಅವಳನ್ನು ಹೊಸ ವೇದಗಂಗಾ ಹೌಸಿಗೆ ಹಾಕಿದ್ದೂ ತಾಯಿಯೇ. ಗಟ್ಟಿ ಹೌಸಿಗೆ ಹಾಕಿದರೆ ಜನ ಮಾತಾಡುತ್ತಾರೆಂದು.

ಗುರುವಾರ ಸ್ಟಾಫ್ ರೂಮಿನಲ್ಲಿ ಚೀಟಿ ಎತ್ತಿದರು. ಎತ್ತುವವಳು ಯಾವತ್ತೂ ಲಕ್ಕವ್ವನೇ. ಶಾಲೆಯ ಕಸ ಗುಡಿಸಿ ಗಂಟೆ ಬಾರಿಸುವ ಅವಳಿಗೆ ಓದಲು ಬರುವುದಿಲ್ಲ, ಹಾಗಾಗಿ ಅವಳ ಕೈಯ ಮೇಲೆ ಎಲ್ಲರಿಗೂ ನಂಬಿಕೆ. ಬಿಸ್ಕೀಟಿನ ಡಬ್ಬಿಯಲ್ಲಿ ಕೈಯಾಡಿಸಿ ಮೊದಲು ಕೃಷ್ಣಾ ತೆಗೆದಳು. ಎರಡನೆಯದು ಘಟಪ್ರಭಾ. ಮೂರನೆಯದು ದೂಧಗಂಗಾ. ನಾಲ್ಕನೆಯ ಚೀಟಿ ಬಿಚ್ಚಿದಾಗ ಗಣಿತದ ದಶರಥ ಮಾಸ್ತರ ಕುರ್ಚಿಯಿಂದ ಅರ್ಧ ಎದ್ದರು. ದೂಧಗಂಗಾ ಹೌಸು ಅವರದು.

"ವೇದಗಂಗಾ, ನಾಕನೇದು! ಬಾಯೋರ, ನಾಕಕ್ಕೇನು ಬರತೈತ್ರಿ?"

"ಬೈ ಬರತೈತ್ರಿ," ಎಂದರು ಸುಂದರಾ. ದನಿ ತಮಗೇ ಕೇಳದಷ್ಟು ಸಣ್ಣದಾಗಿತ್ತು.

ಲೆಕ್ಕ ಅವರಿಗೆ ಬಾಯಿಪಾಠ. ಐದರ ಮುಂದೆ, ಅರ್ಧರ್ಧ ಮಾಡುತ್ತ ಹೋದರೆ ಒಂದಕ್ಕೇ ಮುಟ್ಟುವ ಸಂಖ್ಯೆ ಎಂಟು. ಎಂಟರಲ್ಲಿ ಐದು ಹೋದರೆ ಮೂರು ಬೈ, ಅಂದರೆ ಮೂರು ಹೌಸು ಮೊದಲ ಸುತ್ತು ಆಡದೆಯೇ ಮುಂದಕ್ಕೆ. ಮೇಲಿನ ಅರ್ಧದಲ್ಲಿ ಮೂರು ಹೌಸು, ಕೆಳಗಿನ ಅರ್ಧದಲ್ಲಿ ಎರಡು. ಮೊದಲ ಬೈ ಕೆಳಗಿನ ಅರ್ಧದ ಕೊನೆಯ ಹೌಸಿಗೆ, ಎರಡನೆಯದು ಮೇಲಿನ ಅರ್ಧದ ಮೊದಲಿನದಕ್ಕೆ, ಮೂರನೆಯದು ಕೆಳಗಿನ ಅರ್ಧದ ಮೊದಲಿನದಕ್ಕೆ. ಅಂದರೆ ಐದು, ಒಂದು, ನಾಲ್ಕು. ಮೊದಲ ಸುತ್ತು ಆಡುವವರು ಎರಡು ಮತ್ತು ಮೂರು ಮಾತ್ರ. ಅವರು ಕಪ್ ಗೆಲ್ಲಬೇಕಾದರೆ ಒಂದೇ ಮುಂಜಾನೆ ಮೂರು ಪಂದ್ಯ ಆಡಬೇಕು, ಉಳಿದವರಿಗೆ ಎರಡೇ ಸಾಕು.

"ನೋಡ್ರೆಪಾ," ದಶರಥ ಮಾಸ್ತರ ಸುತ್ತ ನೋಡಿ ನಕ್ಕರು. "ಮಗಳಿಗೆ ಬೈ, ನಮ್ಮ ಹುಡುಗ್ಯಾರಿಗೆ ಎರಿಮಣ್ಣಾಗ ಮೂರು ಸಲ ಓಟ. ಲಕ್ಕವ್ವಾ, ಬಾಯೋರ ಮನ್ಯಾಗ ಚಹಾ ಭಾಳ ಕುಡದೀಯೇನ ಬೇ?"

"ಅಯ್ಯ, ನನಗೇನ್ ಗೊತ್ತ್ರಿ ಮಾಸ್ತರ! ಕೈಗೆ ಹತ್ತಿದ್ದು ತಗದೆ," ಎಂದಳು ಲಕ್ಕವ್ವ. ಎಲ್ಲರೂ ನಕ್ಕರು. ಅದು ತಮಾಷೆಯೇ, ದಶರಥ ಮಾಸ್ತರ ಕೆಟ್ಟವರಲ್ಲ. ಆದರೆ ಹೋದ ವರ್ಷದ ಅರ್ಜಿಯೂ ಇಂಥದೇ ಒಂದು ನಗೆಯಿಂದ ಶುರುವಾಗಿತ್ತು. "ಅವ್ರ ಮಂದಿ ಅವ್ರಿಗೆ ಬೇಕಲ್ರಿ" ಎಂದು ಆಗ ಯಾರೋ ಬಾಗಿಲಾಚೆ ಅಂದದ್ದು ಸುಂದರಾ ಅವರ ಕಿವಿಯಲ್ಲಿ ಇನ್ನೂ ಕೂತಿತ್ತು. ಆಡಿದವರ ಮುಖ ನೋಡಿರಲಿಲ್ಲ, ಹೀಗಾಗಿ ಎಲ್ಲರ ಮುಖದಲ್ಲೂ ಆ ಮಾತು ಕಾಣುತ್ತಿತ್ತು.

ಸುಂದರಾ ಹೆಡ್ ಮಾಸ್ತರರ ಕೋಣೆಗೆ ಹೋದರು.

"ಸರ್, ವೇದಗಂಗಾ ಮೂರಕ್ಕ ಹಾಕಿ, ದೂಧಗಂಗಾ ನಾಕಕ್ಕ ಬರೀತೀನ್ರಿ."

"ಯಾಕ್ರಿ? ಚೀಟಿ ಬಿದ್ದದ್ದು ಬಿದ್ದಂಗ ಇರ್ಲಿ."

"ನನ್ನ ಮಗಳು ಅದರಾಗ ಅದಾಳ್ರಿ. ನಾಳೆ ಮಾತು ಬರೂದು ಬ್ಯಾಡ್ರಿ."

ತವನಪ್ಪನವರು ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. "ಮಾತು ಬಂದ್ರ ನಾ ಅದೀನಲ್ರಿ," ಎಂದರು. ಮತ್ತೆ, "ನಿಮ್ಮ ಇಷ್ಟ ಬಾಯೋರ," ಎಂದು ಸಹಿ ಹಾಕಿದರು. ಸುದ್ದಿ ಕೇಳಿದ ದಶರಥ ಮಾಸ್ತರ, "ದೊಡ್ಡ ಮನಸ್ಸು ಬಿಡ್ರಿ ನಿಮ್ಮದು," ಎಂದರು. ಅದಕ್ಕೆ ಮಾತ್ರ ಯಾರೂ ನಗಲಿಲ್ಲ.

ಶನಿವಾರ ಏಳೂವರೆಗೆ ಅಂಗಳ ಇನ್ನೂ ಹಸಿಯಾಗಿತ್ತು. ಬೂದಿ ಚೆಲ್ಲಿ, ಗೆರೆ ಹಾಕಿ, ಮೊದಲ ಸೀಟಿ ಊದುವಾಗ ಒಂಬತ್ತು. ಘಟಪ್ರಭಾದ ವಿರುದ್ಧ ವೇದಗಂಗಾ ಒಂದೇ ಪಾಯಿಂಟಿನಿಂದ ಗೆದ್ದಿತು. ಮುಂದಿನ ಪಂದ್ಯ ದೂಧಗಂಗಾ ಮತ್ತು ಮಲಪ್ರಭಾದ್ದು. ಮೊದಲ ಸುತ್ತು ಆಡಿದವರಿಗೆ ತುಸು ಉಸಿರು ಸಿಗಲೆಂದೇ ಸುಂದರಾ ಅದನ್ನು ನಡುವೆ ಇಟ್ಟಿದ್ದರು. ಅವರ ಕೈಲಾದ ನ್ಯಾಯ ಅಷ್ಟೇ. ದೂಧಗಂಗಾ ಬೆವರು ಕೂಡ ಸುರಿಸದೆ ಗೆದ್ದು, ಬೇವಿನ ನೆರಳಲ್ಲಿ ಕಾಲು ಚಾಚಿ ಕೂತಿತು.

ಮೂರನೆಯ ಪಂದ್ಯದಲ್ಲಿ, ಅಷ್ಟು ಹೊತ್ತು ಕಾದು ಕೂತಿದ್ದ ಕೃಷ್ಣಾ ಹೌಸಿನ ಎದುರು ವೇದಗಂಗಾ ಇಳಿಯಿತು. ನೀಲಮ ನಾಲ್ಕು ನಿಮಿಷ ಒಬ್ಬಳೇ ಓಡಿದಳು. ಅಂಗಾಲಿಗೆ ಎರಿಮಣ್ಣು ಚಪ್ಪಲಿಯ ಹಾಗೆ ಅಂಟಿಕೊಂಡು ಕಾಲು ಎತ್ತುವುದೇ ಭಾರವಾಗಿತ್ತು. ಆದರೂ ಅವಳನ್ನು ಮುಟ್ಟಲು ಯಾರಿಗೂ ಆಗಲಿಲ್ಲ. ಕೊನೆಯ ಸೀಟಿ ಊದಿದಾಗ ವೇದಗಂಗಾದ ಹುಡುಗಿಯರು ಕುಣಿಯಲಿಲ್ಲ, ಇದ್ದಲ್ಲೇ ಕುಕ್ಕರಿಸಿ ಕೂತರು. ಗಂಟೆ ಹನ್ನೊಂದಕ್ಕೆ ಐದು ನಿಮಿಷ ಕಡಿಮೆ.

"ಫೈನಲ್ಲಿಗಿಂತ ಮೊದಲ ಇಪ್ಪತ್ತು ನಿಮಿಷ ಬಿಡೂಣೇನ್ರಿ?" ಎಂದರು ತವನಪ್ಪನವರು ಗಡಿಯಾರ ನೋಡುತ್ತ. ಅವರು ಕೇಳಿದ್ದು ಸುಂದರಾ ಅವರನ್ನು.

"ಹನ್ನೊಂದೂ ಮುಕ್ಕಾಲರ ಗಾಡಿ ತಪ್ಪಿತಂದ್ರ ನಮ್ಮ ಹುಡುಗ್ಯಾರು ಎರಡು ಗಂಟೆತನಕ ರಸ್ತೇದಾಗ ನಿಲ್ಲಬೇಕಾಕ್ಕತ್ರಿ," ದಶರಥ ಮಾಸ್ತರ ಹಿಂದಿನಿಂದ ಅಂದರು. "ಎಂಟ್ರಿನೂ ಅದ ಗಾಡಿಗೆ ಹೋಗಬೇಕು."

ಸುಳ್ಳಲ್ಲ. ಸುಂದರಾ ಮಗಳ ಕಡೆ ನೋಡಿದರು. ನೀಲಮ ಮೊಣಕಾಲಿನ ಮೇಲೆ ಕೈಯೂರಿ, ಬಾಯಿ ತೆರೆದು, ತಾಯಿಯ ಕೈಯಲ್ಲಿದ್ದ ಸೀಟಿಯನ್ನೇ ನೋಡುತ್ತಿದ್ದಳು. ಹತ್ತು ನಿಮಿಷ ಕೊಟ್ಟರೂ ಸಾಕಿತ್ತು. ಹತ್ತು ನಿಮಿಷ ಕೊಟ್ಟರೆ, ಮಗಳಿಗಾಗಿ ಗಾಡಿ ತಪ್ಪಿಸಿದಳು ಅನ್ನುತ್ತಾರೆ.

ಸುಂದರಾ ಸೀಟಿ ಊದಿದರು.

ದೂಧಗಂಗಾದ ಮನಿಷಾ ಎಂಬ ಎತ್ತರದ ಹುಡುಗಿ ಎರಡನೆಯ ನಿಮಿಷದಲ್ಲೇ ನೀಲಮಳ ಬೆನ್ನು ಮುಟ್ಟಿದಳು. ಕಂಬದ ಹತ್ತಿರ ನೀಲಮ ಮೈ ತಿರುಗಿಸಿದಳು, ಮೈಯೇನೋ ತಿರುಗಿತು, ಕಾಲು ಹಿಂದೆ ಉಳಿಯಿತು. ಅಷ್ಟೇ. ಎರಡನೆಯ ಸರದಿಯಲ್ಲೂ ಹಾಗೇ ಆಯಿತು. ಮೂರು ಪಾಯಿಂಟಿನಿಂದ ದೂಧಗಂಗಾ ಗೆದ್ದಿತು. ದಶರಥ ಮಾಸ್ತರ ಚಪ್ಪಾಳೆ ತಟ್ಟಿದವರು, ಸುಂದರಾ ಅವರ ಮುಖ ನೋಡಿ ಕೈ ನಿಲ್ಲಿಸಿದರು.

ಎಂಟ್ರಿ ಫಾರ್ಮು ತುಂಬಬೇಕಾದದ್ದೂ ಸುಂದರಾ ಅವರೇ. ಅವರ ಅಕ್ಷರ ದುಂಡಗೆ. ಹನ್ನೆರಡು ಹೆಸರು, ಹನ್ನೆರಡು ಜನ್ಮ ದಿನಾಂಕ. ಹನ್ನೆರಡರಲ್ಲಿ ಐದು ಹುಡುಗಿಯರಿಗೆ ಖೋ ಕೊಡುವಾಗ ಕೈ ಎಲ್ಲಿಡಬೇಕೆಂದು ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ಕೆಳಗೆ 'ತಂಡದ ವ್ಯವಸ್ಥಾಪಕರು' ಎಂದಿದ್ದಲ್ಲಿ ತಮ್ಮದೇ ಹೆಸರು ಬರೆದು ಸಹಿ ಮಾಡಿದರು. ಗಾಡಿ ಹೊತ್ತಿಗೆ ಸರಿಯಾಗಿ ಬಂತು.

ಸಂಜೆ ನೀಲಮ ಹಿತ್ತಲಿನ ಕಲ್ಲಿನ ಮೇಲೆ ಕೂತು, ಒಣಗಿದ ಎರಿಮಣ್ಣನ್ನು ಹಿಮ್ಮಡಿಯಿಂದ ಕಡ್ಡಿಯಲ್ಲಿ ಕೆರೆದು ತೆಗೆಯುತ್ತಿದ್ದಳು. ಒಳಗೆ ತಾಯಿ ರೊಟ್ಟಿ ಬಡಿಯುತ್ತಿದ್ದರು. ತಂದೆ ಜ್ಞಾನದೇವ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿದ್ದ.

"ಅವ್ವಾ," ನೀಲಮ ಹೊರಗಿನಿಂದಲೇ ಕೇಳಿದಳು, "ಲಕ್ಕವ್ವಾಯಿ ನಳದ ಕಡೆ ಸಿಕ್ಕಿದ್ಳು. ನಮ್ಮ ಚೀಟಿ ನಾಕನೇದಾಗಿ ತಗದಿದ್ಳಂತ."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ನಾಕಕ್ಕ ಬೈ ಇರತೈತಿ. ನೀನ ಹೇಳಿಕೊಟ್ಟೀದಿ ನನಗ. ಮತ್ತ ಚಾರ್ಟಿನ್ಯಾಗ ನಾವು ಮೂರರಾಗ ಹೆಂಗ ಬಂದ್ವಿ?"

"ನಾ ಬದಲಿ ಮಾಡಿದೆ."

ನೀಲಮ ಹಿಮ್ಮಡಿಯ ಮಣ್ಣು ಕೆರೆಯುತ್ತಲೇ ಇದ್ದಳು. ಒಂದು ಕಾಲು ಮುಗಿಸಿ ಇನ್ನೊಂದನ್ನು ತೊಡೆಯ ಮೇಲೆಳೆದುಕೊಂಡಳು. ಅತ್ತಿದ್ದರೆ ಸುಂದರಾ ಎದ್ದು ಹೋಗಿ ತಲೆ ನೇವರಿಸುತ್ತಿದ್ದರು. ಬೈದಿದ್ದರೆ ಅನ್ನಿಸಿಕೊಳ್ಳುತ್ತಿದ್ದರು. ಹುಡುಗಿ ಎರಡೂ ಮಾಡಲಿಲ್ಲ. ಲೆಕ್ಕ ಬಿಡಿಸುವ ದನಿಯಲ್ಲಿ ಮತ್ತೆ ಕೇಳಿದಳು.

"ನಾ ಬ್ಯಾರೆಯವರ ಮಗಳಾಗಿದ್ರ?"

ಸುಂದರಾ ಹಿಟ್ಟಿನ ಇನ್ನೊಂದು ಉಂಡೆ ಕೈಗೆತ್ತಿಕೊಂಡರು.

"ಆಗ ಬಿದ್ದಂಗ ಇಡ್ತಿದ್ದಿ. ಹೌದಿಲ್ಲೋ?"

ಹೆಂಚಿನ ಮೇಲಿನ ರೊಟ್ಟಿ ಒಂದು ಬದಿಗೆ ಕಪ್ಪಾಗತೊಡಗಿತ್ತು. ಸುಂದರಾ ಅದನ್ನು ತಿರುವಿ ಹಾಕಲಿಲ್ಲ.

"ಹೌದು," ಎಂದರು.

"ಹೂಂ," ಎಂದಳು ನೀಲಮ. ಕಡ್ಡಿ ಬಿಸಾಕಿ, ತಂಬಿಗೆ ನೀರು ಕಾಲ ಮೇಲೆ ಸುರಿದುಕೊಂಡು ಒಳಗೆ ಬಂದಳು. ತಾಯಿಯ ಪಕ್ಕದಲ್ಲಿ ಕೂರಲಿಲ್ಲ. ಗೋಡೆಗೆ ಒರಗಿ, ತಟ್ಟೆ ಮುಂದಿಟ್ಟುಕೊಂಡು, ತನ್ನ ಸರದಿಗೆ ಬಂದ ಸುಟ್ಟ ರೊಟ್ಟಿಯನ್ನೇ ಹಾಕೆಂದು ಕೈ ಚಾಚಿದಳು.